ಒಂದು ಮುಖದ ಬಣ್ಣ ಇನ್ನೊಂದಕ್ಕೆ: ಲ್ಯಾಬ್ ಲೆಕ್ಕ ಎಲ್ಲಿ ಹೊಂದುತ್ತದೆ, ಎಲ್ಲಿ ಕೈಕೊಡುತ್ತದೆ (ಪದೇ ಪದೇ ಕೇಳುವ ಪ್ರಶ್ನೆಗಳು)

ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆ ಮದುವೆ ಆಲ್ಬಂ ಮಾಡುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು ಇವು. ಇಮೇಜ್ ಪ್ರೊಸೆಸಿಂಗ್ ಪ್ರಾಜೆಕ್ಟ್ ಹಿಡಿದ ಇಂಜಿನಿಯರಿಂಗ್ ವಿದ್ಯಾರ್ಥಿಗಳು ಕೇಳಿದವೂ ಇವೆ. ಕೇಳಿದವರ ಮಾತನ್ನು ಹಾಗೇ ಇಟ್ಟಿದ್ದೇನೆ. ಮೊದಲು ಸುಲಭದವು, ಆಮೇಲೆ ಕಷ್ಟದವು.

ಹೆಚ್ಚಿನ ಉತ್ತರಗಳಲ್ಲಿ ಒಂದೇ ಉದಾಹರಣೆ ಬಳಸಿದ್ದೇನೆ. ಹುಬ್ಬಳ್ಳಿಯ ಕಲ್ಯಾಣ ಮಂಟಪದಲ್ಲಿ ತೆಗೆದ ಗುಂಪಿನ ಫೋಟೊದಲ್ಲಿ ಅಜ್ಜಿ ಕಣ್ಣು ಮುಚ್ಚಿದ್ದಾರೆ. ಅವತ್ತೇ ಫ್ಲ್ಯಾಶ್ ಹಾಕಿ ತೆಗೆದ ಇನ್ನೊಂದು ಫೋಟೊದಲ್ಲಿ ಮುಖ ಚೆನ್ನಾಗಿ ಬಂದಿದೆ. ಆ ಮುಖವನ್ನು ಇಲ್ಲಿಗೆ ಕೂಡಿಸಬೇಕು. ಮೊದಲನೆಯದನ್ನು "ಗುಂಪಿನ ಫೋಟೊ" ಅಂತಲೂ ಎರಡನೆಯದನ್ನು "ಮುಖದ ಫೋಟೊ" ಅಂತಲೂ ಕರೆಯುತ್ತೇನೆ.

## ಶುರುವಿಗೆ

ಎರಡೂ ಫೋಟೊ ಅದೇ ಅಜ್ಜಿದು. ಮುಖ ಕೂಡಿಸಿದ್ರ ಬ್ಯಾರೆ ಯಾರದೋ ಅಂಟಿಸಿದಂಗ ಕಾಣ್ತದ. ಯಾಕ್ರೀ?

ಮುಖ ಒಂದೇ ಆದರೂ ಬೆಳಕು ಬೇರೆ. ಮಂಟಪದಲ್ಲಿ ಹಳದಿ ಬಲ್ಬಿನ ಬೆಳಕು ಮೇಲಿಂದ ಬೀಳುತ್ತದೆ. ಫ್ಲ್ಯಾಶಿನ ಬೆಳಕು ಬೆಳ್ಳಗೆ, ನೇರವಾಗಿ ಮುಖಕ್ಕೇ ಬೀಳುತ್ತದೆ. ಅದರ ಮೇಲೆ ಕ್ಯಾಮೆರಾದ ಆಟೊ ವೈಟ್ ಬ್ಯಾಲೆನ್ಸ್ ಒಂದೊಂದು ಫ್ರೇಮಿಗೆ ಒಂದೊಂದು ಥರ ತೀರ್ಮಾನ ಮಾಡಿರುತ್ತದೆ. ಹಾಗಾಗಿ ಮುಖಕ್ಕೂ ಕುತ್ತಿಗೆಗೂ ಬಣ್ಣ ಹೊಂದುವುದಿಲ್ಲ. ನೋಡುವವರ ಕಣ್ಣು ಗದ್ದದ ಕೆಳಗಿನ ಗೆರೆಗೇ ಹೋಗುತ್ತದೆ.

ಇದಕ್ಕೆ ಇರುವ ಸರಳ ಉಪಾಯ ಹೀಗೆ. ಗುಂಪಿನ ಫೋಟೊದಲ್ಲಿರುವ ಮುಖದ ಬಣ್ಣಗಳ ಸರಾಸರಿ ತೆಗೆಯಬೇಕು. ಆ ಸರಾಸರಿಯ ಸುತ್ತ ಬಣ್ಣ ಎಷ್ಟು ಹರಡಿದೆ ಅನ್ನುವುದನ್ನೂ ಅಳೆಯಬೇಕು. ಈ ಹರವೇ ಸ್ಟ್ಯಾಂಡರ್ಡ್ ಡೀವಿಯೇಷನ್. ಆಮೇಲೆ ಕೂಡಿಸುವ ಮುಖದ ಸರಾಸರಿ ಮತ್ತು ಹರವು ಅಷ್ಟೇ ಆಗುವಂತೆ ಪ್ರತಿ ಪಿಕ್ಸೆಲ್ಲನ್ನೂ ಸರಿಸಬೇಕು. ಅಷ್ಟೇ. ಯಾವ ಪಿಕ್ಸೆಲ್ ಎಲ್ಲಿದೆ, ಅದು ಕೆನ್ನೆಯೋ ತುಟಿಯೋ ಅನ್ನುವುದು ಈ ಲೆಕ್ಕಕ್ಕೆ ಗೊತ್ತೇ ಇರುವುದಿಲ್ಲ. ಅದರ ಸಲೀಸು ಇರುವುದು ಅಲ್ಲೇ, ಸೋಲು ಇರುವುದೂ ಅಲ್ಲೇ.

ಲ್ಯಾಬ್ ಅಂದ್ರೆ ಏನು? ಆರ್‌ಜಿಬಿಯಲ್ಲೇ ಮಾಡಿದ್ರೆ ಆಗಲ್ವಾ?

ಆಗುತ್ತದೆ, ಆದರೆ ಚೆನ್ನಾಗಿ ಬರುವುದಿಲ್ಲ. ಆರ್‌ಜಿಬಿಯಲ್ಲಿ ಬೆಳಕೂ ಬಣ್ಣವೂ ಕಲಸಿಕೊಂಡಿವೆ. ಒಂದು ಪಿಕ್ಸೆಲ್ಲಿನ ಬೆಳಕು ಜಾಸ್ತಿಯಾಯಿತು ಅಂದರೆ ಕೆಂಪು, ಹಸಿರು, ನೀಲಿ ಮೂರೂ ಒಟ್ಟಿಗೆ ಏರುತ್ತವೆ. ಮೂರನ್ನೂ ಬೇರೆ ಬೇರೆಯಾಗಿ ಎಳೆದರೆ ಆ ಜೋಡಿ ತಪ್ಪುತ್ತದೆ. ಆಗ ಬೆಳಕಿರುವ ಕಡೆ ಒಂದು ಛಾಯೆ, ನೆರಳಿನ ಕಡೆ ಇನ್ನೊಂದು ಛಾಯೆ ಬರುತ್ತದೆ.

ಲ್ಯಾಬ್‌ನಲ್ಲಿ L ಅಂದರೆ ಬರೀ ಬೆಳಕು. ಅದು 0ಯಿಂದ 100ರವರೆಗೆ. a ಜಾಸ್ತಿಯಾದರೆ ಕೆಂಪಿನ ಕಡೆ, ಸೊನ್ನೆಗಿಂತ ಕೆಳಗಿಳಿದರೆ ಹಸಿರಿನ ಕಡೆ. b ಜಾಸ್ತಿಯಾದರೆ ಹಳದಿ, ಸೊನ್ನೆಗಿಂತ ಕೆಳಗಿಳಿದರೆ ನೀಲಿ. ಬೂದು ಬಣ್ಣಕ್ಕೆ a, b ಎರಡೂ ಸೊನ್ನೆ. ಹೀಗೆ ಬೇರೆ ಮಾಡಿಟ್ಟರೆ ಬೆಳಕನ್ನು ಮುಟ್ಟದೆ ಹಳದಿಯನ್ನು ಮಾತ್ರ ಸರಿಸಬಹುದು. ಮುಖದ ಕೆಲಸದಲ್ಲಿ ಇದು ತುಂಬ ಬೇಕಾಗುತ್ತದೆ.

ಒಂದು ಪಿಕ್ಸೆಲ್ ಮೇಲೆ ಲೆಕ್ಕ ಮಾಡಿ ತೋರಿಸ್ತೀರಾ?

ಅಜ್ಜಿಯ ಮುಖದ ಫೋಟೊದಲ್ಲಿ ಚರ್ಮದ ಸರಾಸರಿ L 62, a 14, b 18 ಅಂತ ಇಟ್ಟುಕೊಳ್ಳೋಣ. ಹರವು ಕ್ರಮವಾಗಿ 12, 3, 4. ಗುಂಪಿನ ಫೋಟೊದಲ್ಲಿ ಸರಾಸರಿ 51, 17, 27. ಹರವು 9, 4, 5. ಅಂದರೆ ಅಲ್ಲಿ ಬೆಳಕು ಕಡಿಮೆ, ಹಳದಿ ಜಾಸ್ತಿ.

ಸೂತ್ರ ಮೂರೂ ಚಾನೆಲ್ಲಿಗೆ ಒಂದೇ:

```
ಹೊಸದು = (ಹಳೆಯದು - ಮುಖದ ಸರಾಸರಿ) * (ಗುಂಪಿನ ಹರವು / ಮುಖದ ಹರವು) + ಗುಂಪಿನ ಸರಾಸರಿ
```

ಕೆನ್ನೆಯ ಮೇಲಿನ ಒಂದು ಪಿಕ್ಸೆಲ್ ತಗೊಳ್ಳಿ: L 70, a 12, b 16. ಅದರ L ಸರಾಸರಿಗಿಂತ 8 ಮೇಲಿದೆ. 9/12 ಅಂದರೆ 0.75. ಎಂಟಕ್ಕೆ 0.75 ಗುಣಿಸಿದರೆ 6. 51ಕ್ಕೆ ಕೂಡಿಸಿದರೆ ಹೊಸ L 57. a ಸರಾಸರಿಗಿಂತ 2 ಕೆಳಗಿದೆ. ಅದನ್ನು 4/3ರಿಂದ ಹಿಗ್ಗಿಸಿ 17ಕ್ಕೆ ಕೂಡಿಸಿದರೆ ಸುಮಾರು 14.3. b ಕೂಡ 2 ಕೆಳಗಿದೆ. 5/4ರಿಂದ ಹಿಗ್ಗಿಸಿದರೆ 24.5. ಫ್ಲ್ಯಾಶಿನಲ್ಲಿ ಬೆಳ್ಳಗಿದ್ದ ಕೆನ್ನೆ ಈಗ ಮಂಟಪದ ಹಳದಿಗೆ ಬಂತು. ಮುಖದ ಮೇಲೆ ಬೇರೇನೂ ಇಲ್ಲದಿದ್ದರೆ, ಎರಡೂ ಕಡೆ ಬೆಳಕು ಸಮವಾಗಿ ಬಿದ್ದಿದ್ದರೆ, ಇಷ್ಟರಲ್ಲೇ ಕೆಲಸ ಮುಗಿಯುತ್ತದೆ.

ಈ ವಿಧಾನ ಕಂಡುಹಿಡಿದವರು ಯಾರು?

ಎರಿಕ್ ರೈನ್‌ಹಾರ್ಡ್ ಮತ್ತು ಜೊತೆಯವರು 2001ರಲ್ಲಿ ಪ್ರಕಟಿಸಿದ್ದು. ಅವರು ಬಳಸಿದ್ದು ನಾವು ಬಳಸುವ ಲ್ಯಾಬ್ ಅಲ್ಲ, lαβ ಅನ್ನುವ ಬೇರೆ ಬಣ್ಣದ ಲೆಕ್ಕ. ಅದನ್ನು ರುಡರ್‌ಮನ್ ಮತ್ತು ಜೊತೆಯವರು 1998ರಲ್ಲಿ ಕೊಟ್ಟಿದ್ದರು. ಈಗ ಹೆಚ್ಚಿನವರು ಸಿಐಇ ಸಂಸ್ಥೆಯ 1976ರ ಲ್ಯಾಬ್ ಬಳಸುತ್ತಾರೆ, ಯಾಕೆಂದರೆ ಅದು ಎಲ್ಲ ಸಾಫ್ಟ್‌ವೇರಿನಲ್ಲೂ ಸಿದ್ಧವಾಗಿ ಸಿಗುತ್ತದೆ. ಈ ಬದಲಾವಣೆಯಿಂದ ಒಂದು ನಷ್ಟವೂ ಇದೆ. ಅದನ್ನು ಮೀಸೆಯ ಪ್ರಶ್ನೆಯಲ್ಲಿ ಹೇಳಿದ್ದೇನೆ.

## ಕೈ ಹಾಕಿದ ಮೇಲೆ

ಸರ್, ಪೈಥಾನ್‌ನಲ್ಲಿ ಬರೆಯೋದು ಹೇಗೆ? ಚಿಕ್ಕದಾಗಿ ಬೇಕು.

ಓಪನ್‌ಸಿವಿ ಇದ್ದರೆ ಇಷ್ಟು ಸಾಕು. ಎರಡು ಮಾಸ್ಕ್ ಫೈಲ್ ಬೇಕು. ಚರ್ಮ ಇರುವ ಕಡೆ ಬಿಳಿ, ಉಳಿದದ್ದೆಲ್ಲ ಕಪ್ಪು.

```python
import cv2
import numpy as np

def lab(path):
    img = cv2.imread(path).astype(np.float32) / 255
    return cv2.cvtColor(img, cv2.COLOR_BGR2LAB)

src, ref = lab("face.png"), lab("group.png")
ms = cv2.imread("face_mask.png", 0) > 127
mr = cv2.imread("group_mask.png", 0) > 127

out = src.copy()
for c in range(3):
    s, r = src[..., c][ms], ref[..., c][mr]
    k = np.clip(r.std() / (s.std() + 1e-6), 0.7, 1.4)
    out[..., c] = (src[..., c] - s.mean()) * k + r.mean()

bgr = np.clip(cv2.cvtColor(out, cv2.COLOR_LAB2BGR), 0, 1)
cv2.imwrite("out.png", (bgr * 255).round().astype(np.uint8))
```

`k` ಸಾಲಿನ `np.clip` ರೈನ್‌ಹಾರ್ಡ್ ಅವರ ಮೂಲ ಲೆಕ್ಕದಲ್ಲಿಲ್ಲ, ನಾನು ಬೇಕೆಂದೇ ಹಾಕಿದ್ದು. ಹರವಿನ ಅನುಪಾತ 0.7ಕ್ಕಿಂತ ಕೆಳಗೆ ಹೋಗಬಾರದು, 1.4ಕ್ಕಿಂತ ಮೇಲೆ ಹೋಗಬಾರದು ಅಂತ ಬೇಲಿ ಹಾಕಿದೆ. ಮುಖದಲ್ಲಿ ಸರಾಸರಿಯನ್ನು ಬಹುಮಟ್ಟಿಗೆ ನಂಬಬಹುದು, ಹರವನ್ನು ಕಣ್ಣುಮುಚ್ಚಿ ನಂಬಬಾರದು. ಯಾಕೆ ಅಂತ ಕುಂಕುಮದ ಪ್ರಶ್ನೆಯಲ್ಲಿ ಗೊತ್ತಾಗುತ್ತದೆ.

ನನಗ ಕೋಡ್ ಬರೂದಿಲ್ರಿ. ಫೋಟೊಶಾಪ್ ಒಂದೇ ಗೊತ್ತು. ಅದ್ರಾಗ ಆಗ್ತದೇನು?

ಆಗುತ್ತದೆ. `Image > Adjustments > Match Color` ಅಂತಿದೆ. ಇಮೇಜ್ ಆರ್‌ಜಿಬಿ ಮೋಡ್‌ನಲ್ಲಿರಬೇಕು. ಮೊದಲು ಎರಡೂ ಫೋಟೊದಲ್ಲಿ ಲಾಸೊ ಟೂಲ್ ಹಿಡಿದು ಕೆನ್ನೆ, ಮೂಗು, ಗದ್ದದ ಚರ್ಮವನ್ನು ಮಾತ್ರ ಸೆಲೆಕ್ಟ್ ಮಾಡಿ. ಆಮೇಲೆ ಆ ಕಿಟಕಿಯಲ್ಲಿ `Use Selection in Source to Calculate Colors` ಮತ್ತು `Use Selection in Target to Calculate Adjustment` ಎರಡಕ್ಕೂ ಟಿಕ್ ಹಾಕಿ. ಬಹಳ ಜನ ಈ ಟಿಕ್ ಬಿಟ್ಟುಬಿಡುತ್ತಾರೆ. ಆಗ ಹಿಂದಿರುವ ಹೂವಿನ ಅಲಂಕಾರ, ಜರಿ ಸೀರೆ ಎಲ್ಲವೂ ಲೆಕ್ಕಕ್ಕೆ ಸೇರಿ ಮುಖಕ್ಕೆ ಸಂಬಂಧವೇ ಇಲ್ಲದ ಬಣ್ಣ ಬರುತ್ತದೆ. `Ignore Selection when Applying Adjustment`ಗೂ ಟಿಕ್ ಹಾಕಿ, ಇಲ್ಲದಿದ್ದರೆ ಸೆಲೆಕ್ಟ್ ಮಾಡಿದ ಚರ್ಮ ಮಾತ್ರ ಬದಲಾಗುತ್ತದೆ. ಒಂದು ಎಚ್ಚರ: ಫೋಟೊಶಾಪ್ ಬದಲಾಯಿಸುವುದು ತೆರೆದಿರುವ ಫೋಟೊವನ್ನು. ಹಾಗಾಗಿ ಮುಖದ ಫೋಟೊ ತೆರೆದಿಟ್ಟು, `Source` ಜಾಗದಲ್ಲಿ ಗುಂಪಿನ ಫೋಟೊ ಆರಿಸಬೇಕು.

ಮುಖದ ಮೇಲೆ ಅಲ್ಲಲ್ಲಿ ನೀಲಿ, ಹಸಿರು ಚುಕ್ಕೆ ಬರ್ತಿವೆ. ಲೆಕ್ಕ ತಪ್ಪಾ?

ಲೆಕ್ಕ ಸರಿ ಇದೆ, ಅಂಕಿ ಸುತ್ತು ಹೊಡೆಯುತ್ತಿದೆ. ಎಂಟು ಬಿಟ್ಟಿನ ಇಮೇಜಿನಲ್ಲಿ 255ರ ಮೇಲೆ ಜಾಗ ಇಲ್ಲ. ಲೆಕ್ಕದಲ್ಲಿ 260 ಬಂತು ಅನ್ನಿ. ಅದನ್ನು ನೇರವಾಗಿ `uint8`ಗೆ ಬದಲಾಯಿಸಿದರೆ 4 ಆಗಿಬಿಡುತ್ತದೆ. ತುಂಬಾ ಹೊಳೆಯುವ ಅಥವಾ ತುಂಬಾ ಕೆಂಪಾದ ಪಿಕ್ಸೆಲ್ ಒಮ್ಮೆಗೇ ಎದುರು ಬಣ್ಣಕ್ಕೆ ಹಾರುವುದು ಹೀಗೆ. ಮೂಗಿನ ತುದಿ, ಹಣೆಯ ಹೊಳಪು, ಮೂಗುತಿ ಇರುವ ಕಡೆಯೇ ಚುಕ್ಕೆ ಕಂಡರೆ ಇದೇ ಕಾರಣ. ಲೆಕ್ಕವೆಲ್ಲ `float32`ನಲ್ಲಿ ಮಾಡಿ, ಕೊನೆಗೆ ಕ್ಲಿಪ್ ಮಾಡಿ, ಆಮೇಲೆ ಬದಲಾಯಿಸಿ.

ಇದರ ಜೊತೆ ಇನ್ನೊಂದನ್ನೂ ನೋಡಿಕೊಳ್ಳಿ. ಭಾಗಾಕಾರ ತಲೆಕೆಳಗಾಗಿ, ಮುಖದ ಹರವನ್ನು ಗುಂಪಿನ ಹರವಿನಿಂದ ಭಾಗಿಸಿದ ಕೋಡ್ ಬಹಳ ಕಡೆ ಓಡಾಡುತ್ತಿದೆ. ಪತ್ತೆ ಹಚ್ಚುವುದು ಸುಲಭ. ಅನುಪಾತಕ್ಕೆ ಹಾಕಿದ ಬೇಲಿ ತೆಗೆದು ಒಮ್ಮೆ ಓಡಿಸಿ. ಬಂದ ಮುಖದ ಸರಾಸರಿ, ಹರವು ಅಳೆದು ನೋಡಿ. ಅವು ಗುಂಪಿನ ಅಂಕಿಗಳೇ ಆಗಿರಬೇಕು. ಸರಾಸರಿ ಹೊಂದಿ ಹರವು ಹೊಂದದಿದ್ದರೆ ಭಾಗಾಕಾರ ಉಲ್ಟಾ ಆಗಿದೆ.

## ಕೈಕೊಡುವ ಕಡೆಗಳು

ಕೆನ್ನಿ ಮ್ಯಾಲ ಕೆಂಪು ಕೆಂಪು ಕಲೆ, ಕಣ್ಣಿನ ಕೆಳಗ ಹಸಿರು ಛಾಯೆ. ಮಾಸ್ಕ್ ಸರಿ ಹಾಕೀನಿ. ಏನಾಗಿರಬೇಕು?

ಹಣೆ ನೋಡಿ. ಗುಂಪಿನ ಫೋಟೊದ ಮಾಸ್ಕಿನೊಳಗೆ ಕುಂಕುಮ ಸೇರಿದೆ, ಮುಖದ ಫೋಟೊದ ಮಾಸ್ಕ್ ಹುಬ್ಬಿನ ಕೆಳಗೇ ನಿಂತಿದೆ. ಹೀಗಾಗುವುದು ತುಂಬಾ ಸಾಮಾನ್ಯ. ನಮ್ಮ ಕಡೆಯ ಅಜ್ಜಿಯರ ಕುಂಕುಮ ದೊಡ್ಡದಿರುತ್ತದೆ, ಆದರೂ ಇಡೀ ಮುಖಕ್ಕೆ ಹೋಲಿಸಿದರೆ ಅದು ಚಿಕ್ಕ ಜಾಗ. ಅಷ್ಟರಿಂದ ಏನು ಮಹಾ ಅಂತ ಅನ್ನಿಸುತ್ತದೆ. ಲೆಕ್ಕ ಹಾಕಿ ನೋಡೋಣ.

ಗುಂಪಿನ ಫೋಟೊದ ಚರ್ಮದಲ್ಲಿ a ಸರಾಸರಿ 17, ಹರವು 4. ಕುಂಕುಮದ a 57 ಇರಲಿ. ಅದು ಮಾಸ್ಕಿನ 3% ಜಾಗ ಹಿಡಿದಿದೆ. ಸರಾಸರಿ ಎಷ್ಟು ಕದಲಿತು? ಚರ್ಮಕ್ಕೂ ಕುಂಕುಮಕ್ಕೂ 40 ಅಂತರ. ಅದರ 3% ಅಂದರೆ 1.2. ಸರಾಸರಿ 18.2 ಆಯಿತು, ಕಣ್ಣಿಗೆ ಕಾಣದಷ್ಟು. ಆದರೆ ಹರವಿನಲ್ಲಿ ಅಂತರದ ವರ್ಗ ಬರುತ್ತದೆ. 40ರ ವರ್ಗ 1600. ಅದನ್ನು 0.03 ಮತ್ತು 0.97ರಿಂದ ಗುಣಿಸಿದರೆ ಸುಮಾರು 46.6. ಚರ್ಮದ ಪಾಲು 16ರ 97%, ಅಂದರೆ 15.5. ಎರಡೂ ಸೇರಿ 62. ಅದರ ವರ್ಗಮೂಲ 7.9. ಮೂರೇ ಪರ್ಸೆಂಟ್ ಕುಂಕುಮ ಹರವನ್ನು 4ರಿಂದ 7.9ಕ್ಕೆ ಏರಿಸಿತು!

ಈಗ ಇದು ಕೆನ್ನೆಗೆ ಏನು ಮಾಡುತ್ತದೆ ನೋಡಿ. ಮುಖದ ಫೋಟೊದಲ್ಲಿ a ಸರಾಸರಿ 14, ಹರವು 3. ಅನುಪಾತ 1.33 ಇರಬೇಕಿತ್ತು, ಬೇಲಿ ಹಾಕದಿದ್ದರೆ 2.63 ಆಗಿದೆ. ಸ್ವಲ್ಪ ಕೆಂಪಗಿರುವ ಕೆನ್ನೆಯ ಪಿಕ್ಸೆಲ್ಲಿಗೆ a 20. ಅದು ಸರಿಯಾಗಿದ್ದರೆ 25ಕ್ಕೆ ಹೋಗುತ್ತಿತ್ತು, ಈಗ 34ಕ್ಕೆ ಹೋಗುತ್ತದೆ. ಕಣ್ಣಿನ ಕೆಳಗಿನ ಪೇಲವ ಪಿಕ್ಸೆಲ್ಲಿಗೆ a 9. ಅದು 10ರ ಹತ್ತಿರ ನಿಲ್ಲಬೇಕಿತ್ತು, ಈಗ 5ಕ್ಕೆ ಇಳಿಯುತ್ತದೆ. ಸುತ್ತ ಕೆಂಪು ಏರಿ ಅಲ್ಲಿ ಮಾತ್ರ ಕೆಂಪು ಇಳಿದರೆ ಕಣ್ಣಿಗೆ ಅದು ಹಸಿರಾಗಿ ಕಾಣುತ್ತದೆ. ಅಜ್ಜಿಯ ಹಣೆಯ ಕುಂಕುಮ ಅವರ ಕೆನ್ನೆಗೆ ಹರಡಿಕೊಂಡಂತೆ ಆಯಿತು.

ವಿಭೂತಿಯೂ ಇದೇ ಕೆಲಸ ಮಾಡುತ್ತದೆ, ದಿಕ್ಕು ಮಾತ್ರ ಬೇರೆ. ಅದರಲ್ಲಿ a, b ಎರಡೂ ಸೊನ್ನೆಯ ಹತ್ತಿರ, L ಮಾತ್ರ ಎತ್ತರ. ಮೂರು ಬೆರಳಿನ ಪಟ್ಟೆ ಕುಂಕುಮಕ್ಕಿಂತ ಜಾಸ್ತಿ ಜಾಗ ಹಿಡಿಯುತ್ತದೆ. ಹಾಗಾಗಿ ಮೂರೂ ಚಾನೆಲ್ಲಿನ ಹರವು ಒಟ್ಟಿಗೆ ಕೆಡುತ್ತದೆ.

ಪರಿಹಾರ ಎರಡಿವೆ. ಮೊದಲನೆಯದು, ಲೆಕ್ಕದ ಮಾಸ್ಕನ್ನೂ ಅಂಟಿಸುವ ಮಾಸ್ಕನ್ನೂ ಬೇರೆ ಇಡುವುದು. ಅಂಟಿಸುವುದು ಇಡೀ ಮುಖ, ಲೆಕ್ಕ ಹಾಕುವುದು ಕೆನ್ನೆ, ಮೂಗು, ಗದ್ದದ ಚರ್ಮ ಮಾತ್ರ. ಎರಡನೆಯದು, ಹರವನ್ನು `std()` ಬದಲು ಬೇರೆ ರೀತಿ ಅಳೆಯುವುದು. 84ನೇ ಪರ್ಸೆಂಟೈಲ್‌ನಲ್ಲಿ 16ನೆಯದನ್ನು ಕಳೆದು ಅರ್ಧ ಮಾಡಿ. ಗಂಟೆಯಾಕಾರದ ಹಂಚಿಕೆಯಲ್ಲಿ ಇದೂ ಸ್ಟ್ಯಾಂಡರ್ಡ್ ಡೀವಿಯೇಷನ್ನೂ ಹೆಚ್ಚು ಕಡಿಮೆ ಒಂದೇ. ಆದರೆ ತುದಿಯಲ್ಲಿರುವ 3% ಕುಂಕುಮ ಇದನ್ನು ಅಲುಗಾಡಿಸಲಾರದು.

```python
def spread(x):
    lo, hi = np.percentile(x, [16, 84])
    return (hi - lo) / 2
```

ಸರಾಸರಿಯ ಬದಲು `np.median` ಹಾಕಿದರೆ ಇನ್ನೂ ಒಳ್ಳೆಯದು.

ಅಂಟಿಸಿದ ಮುಖದ ಕುಂಕುಮವೇ ಚಪ್ಪಟೆಯಾಗಿ ಸ್ಟಿಕರ್ ಥರ ಕಾಣ್ತಿದೆ. ಪುಡಿಯ ವಿವರವೇ ಇಲ್ಲ.

ಸ್ಕ್ರೀನ್ ತೋರಿಸಬಲ್ಲ ಕೆಂಪಿನ ಮಿತಿ ದಾಟಿದೆ. ಮೊದಲಿನ ಅಂಕಿಗಳಲ್ಲೇ ನೋಡಿ. ಫ್ಲ್ಯಾಶಿನ ಫೋಟೊದಲ್ಲಿ ಕುಂಕುಮ L 38, a 52 ಇದ್ದರೆ, ಲೆಕ್ಕ ಆದಮೇಲೆ L 33, a 68ರ ಹತ್ತಿರ ಬರುತ್ತದೆ. L 33 ಇರುವಾಗ ಸಾಮಾನ್ಯ ಎಸ್‌ಆರ್‌ಜಿಬಿ ಸ್ಕ್ರೀನಿನ ಶುದ್ಧ ಕೆಂಪಿನ a ಸುಮಾರು 57 ಮಾತ್ರ. ಅದರಾಚೆ ಇರುವ ಎಲ್ಲ ಪಿಕ್ಸೆಲ್ಲನ್ನೂ ಅಂಚಿಗೆ ತಂದು ಒತ್ತಲಾಗುತ್ತದೆ. ಬೇರೆ ಬೇರೆ ಇದ್ದ ಕೆಂಪುಗಳು ಒಂದೇ ಕೆಂಪಾಗುತ್ತವೆ. ಇಲ್ಲಿ ಚರ್ಮದ ಅನುಪಾತ ಸರಿಯಾಗಿಯೇ ಇತ್ತು, ಕುಂಕುಮಕ್ಕೆ ಅದು ಹೊಂದುವುದಿಲ್ಲ ಅಷ್ಟೇ. ಕುಂಕುಮ, ತುಟಿಯ ಲಿಪ್‌ಸ್ಟಿಕ್ ಇವಕ್ಕೆ ಹರವಿನ ಗುಣಾಕಾರ ಬೇಡ. ಆ ಭಾಗಕ್ಕೆ ಬೇರೆ ಮಾಸ್ಕ್ ಮಾಡಿ ಸರಾಸರಿಯ ಅಂತರವನ್ನು ಮಾತ್ರ ಕೂಡಿಸಿ.

ದೇವರಗುಡ್ಡದ ಜಾತ್ರಿ ಫೋಟೊ. ಮುಖದ ತುಂಬ ಭಂಡಾರ. ಪರ್ಸೆಂಟೈಲ್ ಹಾಕಿದ್ರೂ ಬಣ್ಣ ಕೂಡವಲ್ದು.

ಇಲ್ಲಿ ಪರ್ಸೆಂಟೈಲ್ ಕೆಲಸ ಮಾಡುವುದಿಲ್ಲ. ಆ ಉಪಾಯ ನಿಂತಿರುವುದು "ಹೆಚ್ಚಿನ ಪಿಕ್ಸೆಲ್ ಚರ್ಮದ್ದು, ಬೇರೆಯದು ಸ್ವಲ್ಪ" ಅನ್ನುವ ನಂಬಿಕೆಯ ಮೇಲೆ. ಮೈಲಾರಲಿಂಗನ ಜಾತ್ರೆಯಲ್ಲಿ ಭಂಡಾರ ಅರ್ಧ ಮುಖಕ್ಕಿಂತ ಜಾಸ್ತಿ ಇರುತ್ತದೆ. ಆಗ ನಡುವಿನ ಬೆಲೆಯೇ ಅರಿಶಿನದ್ದಾಗಿಬಿಡುತ್ತದೆ. ಹಳದಿ ಬೆಳಕು ಯಾವುದು, ಹಳದಿ ಪುಡಿ ಯಾವುದು ಅಂತ b ಒಂದನ್ನೇ ನೋಡಿ ಹೇಳಲಾಗದು.

ಇಂಥ ಕಡೆ ಭಂಡಾರ ಬೀಳದ ಚರ್ಮ ಹುಡುಕಿ. ಕಿವಿಯ ಹಿಂದೆ, ಗದ್ದದ ಕೆಳಗೆ, ಮುಂಗೈಯ ಒಳಭಾಗ. ಸ್ವಲ್ಪ ಜಾಗ ಸಿಕ್ಕರೂ ಸಾಕು, ಆದರೆ ಸರಾಸರಿಯನ್ನು ಮಾತ್ರ ತಗೊಳ್ಳಿ. ಅಷ್ಟು ಚಿಕ್ಕ ಜಾಗದ ಹರವು ಇಡೀ ಮುಖದ ಹರವಲ್ಲ. ಅನುಪಾತ 1 ಅಂತಲೇ ಇಟ್ಟುಬಿಡಿ.

ಗುಡಿಯ ಕಂಬದ ನಡುವೆ ತೆಗೆದ ಫೋಟೊಗೆ ಮುಖ ಹೊಂದಿಸಿದೆ. ಅಜ್ಜನ ಸುಕ್ಕೆಲ್ಲ ಗೆರೆ ಕೊರೆದ ಹಾಗೆ ಆಯ್ತು. ಯಾಕೆ?

ಬೆಳಕು ಒಂದು ಪಕ್ಕದಿಂದ ಬಿದ್ದಿದೆ. ಗದಗಿನ ತ್ರಿಕೂಟೇಶ್ವರ ಗುಡಿಯಂಥ ಕಡೆ ಹೊರಗಿನ ಬಿಸಿಲು ಒಂದು ಕೆನ್ನೆಗೆ ತಾಗುತ್ತದೆ, ಇನ್ನೊಂದು ಕೆನ್ನೆ ಕಲ್ಲಿನ ನೆರಳಿನಲ್ಲಿರುತ್ತದೆ. ಒಂದು ಅರ್ಧದ L 70, ಇನ್ನೊಂದರ L 40 ಅನ್ನಿ. ಒಂದೊಂದು ಅರ್ಧದೊಳಗೆ ಹರವು 5 ಮಾತ್ರ. ಆದರೆ ಇಡೀ ಮುಖಕ್ಕೆ ಲೆಕ್ಕ ಹಾಕಿದರೆ ಹರವು 15.8 ಬರುತ್ತದೆ. ಅದರಲ್ಲಿ ಹೆಚ್ಚಿನ ಪಾಲು ಎರಡು ಅರ್ಧಗಳ ನಡುವಿನ ಅಂತರದ್ದು.

ನೀವು ಕೂಡಿಸುವ ಮುಖ ಸಮ ಬೆಳಕಿನದು, ಹರವು 6. ಅನುಪಾತ 2.6. ಸುತ್ತಲಿಗಿಂತ 6 ಕೆಳಗಿದ್ದ ಸುಕ್ಕಿನ L ಈಗ 16 ಕೆಳಗೆ ಹೋಗುತ್ತದೆ. ಕ್ಯಾಮೆರಾದ ಕಾಳು ಕಾಳು ನಾಯ್ಸ್ ಕೂಡ ಅಷ್ಟೇ ಪಟ್ಟು ಏರುತ್ತದೆ. ಇಷ್ಟೆಲ್ಲ ಆದರೂ ನೆರಳು ಬಂದಿತೇ? ಇಲ್ಲ. ಎಡ ಯಾವುದು, ಬಲ ಯಾವುದು ಅಂತ ಹರವಿಗೆ ಗೊತ್ತಿಲ್ಲ.

ಗುರುತಿಸುವುದು ಹೀಗೆ: ಗುಂಪಿನ ಮುಖದ L ಹಿಸ್ಟೋಗ್ರಾಂ ನೋಡಿ. ಒಂದೇ ಗುಡ್ಡ ಇದ್ದರೆ ಸರಿ. ಎರಡು ಗುಡ್ಡ, ನಡುವೆ ತಗ್ಗು ಇದ್ದರೆ ಈ ವಿಧಾನವನ್ನು L ಮೇಲೆ ಪೂರ್ತಿ ಬಳಸಬೇಡಿ. a, b ಸರಾಸರಿ ಹೊಂದಿಸಿ, L ಅನುಪಾತವನ್ನು 1ಕ್ಕೆ ಬಿಡಿ. ನೆರಳನ್ನು ಕರ್ವ್ಸ್ ಲೇಯರ್ ಮೇಲೆ ಮೆತ್ತನೆಯ ಬ್ರಷ್ಷಿನಿಂದ ಕೈಯಲ್ಲೇ ಹಾಕಿ. ಅದೇ ಕಡೆಯಿಂದ ಬೆಳಕು ಬಿದ್ದ ಇನ್ನೊಂದು ಫ್ರೇಮ್ ಸಿಕ್ಕರೆ ಅದನ್ನೇ ಆರಿಸಿಕೊಳ್ಳಿ. ನನ್ನ ಪ್ರಕಾರ ಅದಕ್ಕಿಂತ ಒಳ್ಳೆಯ ಪರಿಹಾರ ಇಲ್ಲ.

ಕಪ್ಪು ಮೀಸೆ ಕಂದು ಆಗ್ತದ. ಮುಖ ಮಾತ್ರ ಚಲೋ ಕೂಡ್ತದ. ಇದಕ್ಕೇನ್ರಿ?

ಲ್ಯಾಬ್‌ನಲ್ಲಿ ಸರಾಸರಿ ಸರಿಸುವುದು ಅಂದರೆ ಎಲ್ಲ ಪಿಕ್ಸೆಲ್ಲಿಗೂ ಅಷ್ಟೇ ಅಂಕಿ ಕೂಡಿಸುವುದು. ನಿಜವಾದ ಬೆಳಕು ಹಾಗೆ ಮಾಡುವುದಿಲ್ಲ, ಅದು ಗುಣಿಸುತ್ತದೆ. ಹಳದಿ ಬೆಳಕಿನಲ್ಲಿ ಬಿಳಿ ಧೋತರ ಬಹಳ ಹಳದಿಯಾಗುತ್ತದೆ. ಚರ್ಮ ಅದಕ್ಕಿಂತ ಕಡಿಮೆ, ಕಪ್ಪು ಕೂದಲು ಸ್ವಲ್ಪವೇ. ಹಿಂತಿರುಗಿಸಲು ಬೆಳಕೇ ಇಲ್ಲದ ಮೇಲೆ ಹಳದಿ ಎಲ್ಲಿಂದ ಬರಬೇಕು, ಅಲ್ವಾ?

ಲ್ಯಾಬ್ ಸೂತ್ರದಿಂದ ಇದಕ್ಕೊಂದು ಚಂದದ ಅಳತೆ ಸಿಗುತ್ತದೆ. ಬೆಳಕಿನ ಬಣ್ಣ ಬದಲಾದಾಗ a, b ಸರಿಯುವ ಪ್ರಮಾಣ ಹೆಚ್ಚು ಕಡಿಮೆ L + 16ಕ್ಕೆ ತಕ್ಕಂತೆ ಇರುತ್ತದೆ. ಚರ್ಮದ L 62, ಅಂದರೆ 78. ಮೀಸೆಯ L 20, ಅಂದರೆ 36. ಚರ್ಮದ b 9 ಸರಿದರೆ ಮೀಸೆಯದು 9 × 36 / 78, ಸುಮಾರು 4 ಸರಿಯಬೇಕು. ಅನುಪಾತ 1 ಇಟ್ಟು ಎಲ್ಲಕ್ಕೂ 9 ಕೂಡಿಸಿದಾಗ ಮೀಸೆಯ b 3ರಿಂದ 12ಕ್ಕೆ ಹಾರುತ್ತದೆ. 7ಕ್ಕೆ ನಿಲ್ಲಬೇಕಿತ್ತು. ಆ ಹೆಚ್ಚಿನ 5ರಿಂದಲೇ ಕಂದು ಬರುವುದು.

ಹಾಗಾಗಿ a, b ಸರಿಸುವಾಗ ಅಂತರವನ್ನು `(L + 16) / (Lmean + 16)` ಇಂದ ಗುಣಿಸಿ. ಇಲ್ಲಿ L ಆ ಪಿಕ್ಸೆಲ್ಲಿನ ಹಳೆಯ ಬೆಲೆ. ಒಂದೇ ಸಾಲಿನ ಕೆಲಸ, ಹುಬ್ಬು, ರೆಪ್ಪೆ, ಕಣ್ಣಿನ ಗುಡ್ಡೆ ಎಲ್ಲ ಕಪ್ಪಾಗಿ ಉಳಿಯುತ್ತವೆ. ಮೂಲ lαβನಲ್ಲಿ ಈ ತೊಂದರೆ ಇಷ್ಟಿಲ್ಲ. ಅಲ್ಲಿ ಲಾಗರಿದಮ್ ತಗೊಂಡಿರುತ್ತಾರೆ, ಲಾಗರಿದಮ್‌ನಲ್ಲಿ ಕೂಡಿಸಿದರೆ ಬೆಳಕಿನಲ್ಲಿ ಗುಣಿಸಿದಂತೆ. ನಾನು ಹೇಳಿದ ನಷ್ಟ ಇದೇ.

ಅಣ್ಣ ಮದುವೆಗೆ ಬರಲಿಲ್ಲ. ತಮ್ಮನ ಪಕ್ಕ ಅಣ್ಣನ ಮುಖ ಸೇರಿಸಬೇಕು. ತಮ್ಮನ ಬಣ್ಣದ ಲೆಕ್ಕ ಅಣ್ಣನಿಗೆ ಹಾಕಬಹುದಾ?

ಬೇಡ. ಮುಖದ ಸರಾಸರಿಯಲ್ಲಿ ಎರಡು ಸೇರಿರುತ್ತವೆ: ಬಿದ್ದ ಬೆಳಕು ಮತ್ತು ಚರ್ಮದ ಸ್ವಂತ ಬಣ್ಣ. ಒಬ್ಬರದೇ ಎರಡು ಫೋಟೊ ಆದರೆ ಚರ್ಮ ಒಂದೇ. ಹಾಗಾಗಿ ಅಂತರವೆಲ್ಲ ಬೆಳಕಿನದು ಅಂತ ಧೈರ್ಯವಾಗಿ ಹೇಳಬಹುದು. ಇಬ್ಬರು ಬೇರೆ ಬೇರೆಯಾದರೆ ಆ ಮಾತು ನಿಲ್ಲುವುದಿಲ್ಲ. ಅಣ್ಣ ಕಪ್ಪು, ತಮ್ಮ ಎಣ್ಣೆಗೆಂಪು ಅಂದರೆ ಈ ಲೆಕ್ಕ ಅಣ್ಣನನ್ನೂ ಎಣ್ಣೆಗೆಂಪು ಮಾಡಿಬಿಡುತ್ತದೆ. ಅದು ಬೆಳಕಿನ ತಿದ್ದುಪಡಿ ಅಲ್ಲ, ಮನುಷ್ಯನ ಬಣ್ಣವನ್ನೇ ಬದಲಿಸಿದಂತೆ. ಮನೆಯವರಿಗೆ ಅದು ಕೂಡಲೇ ಗೊತ್ತಾಗುತ್ತದೆ, ಬೇಸರವೂ ಆಗುತ್ತದೆ.

ಎರಡೂ ಫೋಟೊದಲ್ಲಿ ಇರುವ ಬಿಳಿ ವಸ್ತು ಹುಡುಕಿ: ಬಿಳಿ ಅಂಗಿ, ಧೋತರ, ಟೋಪಿ, ಸುಣ್ಣದ ಗೋಡೆ. ಅಣ್ಣನ ಫೋಟೊದ ಬಿಳಿ ಅಂಗಿಗೆ L 90, b 2. ಮಂಟಪದ ಫೋಟೊದ ಬಿಳಿ ಧೋತರಕ್ಕೆ b 13. ಅಂದರೆ ಬೆಳಕಿನ ಹಳದಿ ಬಿಳಿಯ ಮೇಲೆ 11. ಅಣ್ಣನ ಮುಖದ L 50 ಇದ್ದರೆ ಆ 11ರಲ್ಲಿ 66 / 106 ಪಾಲು, ಸುಮಾರು 7 ಕೂಡಿಸಿ. ಇದು ಮೀಸೆಗೆ ಹೇಳಿದ L + 16ರ ಲೆಕ್ಕವೇ. a ಕೂಡ ಹೀಗೇ. ಹರವನ್ನು ಮುಟ್ಟಬೇಡಿ. ನೀಲಿ ಹಾಕಿ ಒಗೆದ ಬಟ್ಟೆ ಸ್ವಲ್ಪ ನೀಲಿಗೆ ತಿರುಗಿರುತ್ತದೆ, ಒಂದಕ್ಕಿಂತ ಹೆಚ್ಚು ವಸ್ತು ಸಿಕ್ಕರೆ ಹೋಲಿಸಿ ನೋಡಿ.

## ಆಳಕ್ಕೆ ಇಳಿದವರಿಗೆ

ಮೂರು ಚಾನೆಲ್ಲನ್ನೂ ಬೇರೆ ಬೇರೆ ಮಾಡೋದೇ ತಪ್ಪಲ್ವಾ? ಕೋವೇರಿಯನ್ಸ್ ಬಳಸಬಾರದಾ?

ಒಳ್ಳೆಯ ಪ್ರಶ್ನೆ. ಒಂದೊಂದು ಚಾನೆಲ್ಲನ್ನೂ ಬೇರೆಯಾಗಿ ಹಿಗ್ಗಿಸಿ ಸರಿಸಿದರೆ ಚಾನೆಲ್ಲುಗಳ ನಡುವಿನ ಕೋರಿಲೇಷನ್ ಒಂದು ಚೂರೂ ಬದಲಾಗುವುದಿಲ್ಲ. ಮಂಟಪದಲ್ಲಿ ಹಳದಿ ಬಲ್ಬ್ ತಾಗಿದ ಕಡೆ ಬೆಳಕೂ ಜಾಸ್ತಿ, ಹಳದಿಯೂ ಜಾಸ್ತಿ. ಅಲ್ಲಿ L ಮತ್ತು b ಒಟ್ಟಿಗೆ ಏರುತ್ತವೆ. ಫ್ಲ್ಯಾಶಿನ ಮುಖದಲ್ಲಿ ಉಲ್ಟಾ. ಹಣೆಯ ಹೊಳಪು ಬೆಳ್ಳಗಿರುತ್ತದೆ, L ಏರಿದಂತೆ b ಇಳಿಯುತ್ತದೆ. ಸರಳ ಲೆಕ್ಕ ಮಾಡಿದ ಮೇಲೂ ಹೊಳಪು ಸುತ್ತಲಿಗಿಂತ ಬೆಳ್ಳಗೇ ಉಳಿಯುತ್ತದೆ. ಆರು ಅಂಕಿ ಹೊಂದಿದರೂ ಮುಖ ಹೊಂದುವುದಿಲ್ಲ.

ಇದಕ್ಕೆ ಮೂರು ಚಾನೆಲ್ಲಿನ ಪೂರ್ತಿ ಕೋವೇರಿಯನ್ಸ್ ಹೊಂದಿಸುವ ವಿಧಾನ ಇದೆ. ಪಿಟಿಯೆ ಮತ್ತು ಕೊಕರಮ್ 2007ರಲ್ಲಿ ಕೊಟ್ಟ ಮೊಂಜ್-ಕಾಂಟೊರೊವಿಚ್ ರೇಖೀಯ ಮ್ಯಾಪಿಂಗ್ ಅದು. ಒಂದು 3×3 ಮ್ಯಾಟ್ರಿಕ್ಸ್ ಅಷ್ಟೇ, ವೇಗವೂ ಇದೆ. ಆದರೆ ಕುಂಕುಮದ ತೊಂದರೆ ಇಲ್ಲಿ ಹೋಗುವುದಿಲ್ಲ, ಕೋವೇರಿಯನ್ಸ್ ಕೂಡ ವರ್ಗದ ಲೆಕ್ಕವೇ. ಮೊದಲು ಮಾಸ್ಕ್ ಶುದ್ಧ ಮಾಡಿ, ಆಮೇಲೆ ಮ್ಯಾಟ್ರಿಕ್ಸಿಗೆ ಹೋಗಿ.

ಇಷ್ಟೆಲ್ಲ ಯಾಕೆ? ಸುಮ್ನೆ `cv2.seamlessClone` ಹಾಕಿದ್ರೆ ಆಯ್ತಲ್ಲ?

ಅದು ಪೆರೆಜ್, ಗಾಂಗ್ನೆ, ಬ್ಲೇಕ್ ಅವರ 2003ರ ಪ್ವಾಸಾನ್ ವಿಧಾನ. ಅಂಚಿನ ಬಣ್ಣವನ್ನು ಒಳಗೆ ಹರಡುತ್ತದೆ. ಅಂಚು ಪೂರ್ತಿ ಚರ್ಮದ ಮೇಲಿದ್ದರೆ ಬಹಳ ಚೆನ್ನಾಗಿ ಬರುತ್ತದೆ. ಅಂಚು ಕೂದಲಿಗೋ ಕೆಂಪು ಸೆರಗಿಗೋ ತಾಗಿದರೆ ಆ ಬಣ್ಣವೂ ಕೆನ್ನೆಯೊಳಗೆ ಹರಿದು ಬರುತ್ತದೆ. ಇಳಕಲ್ ಸೀರೆಯ ಸೆರಗು ತಲೆ ಮೇಲೆ ಹೊದ್ದ ಅಜ್ಜಿಯ ಮುಖಕ್ಕೆ ಇದು ಖಂಡಿತ ಆಗುತ್ತದೆ. ಮೊದಲು ಲ್ಯಾಬ್‌ನಲ್ಲಿ ಸರಾಸರಿ ಹೊಂದಿಸಿ, ಮಾಸ್ಕನ್ನು ಸೆರಗಿನಿಂದ ಒಳಗೆ ಎಳೆದು, ಆಮೇಲೆ ಇದನ್ನು ಹಾಕಿ. ಆಗ ಅಂಚಿನಲ್ಲಿ ಸರಿಪಡಿಸಬೇಕಾದ ಅಂತರವೇ ಚಿಕ್ಕದು, ಹರಿಯುವುದೂ ಕಡಿಮೆ.

ವಿಡಿಯೊದಲ್ಲಿ ಮುಖದ ಬಣ್ಣ ಮಿಣುಕ್ತದೆ. ಒಂದೊಂದು ಫ್ರೇಮ್ ನೋಡಿದ್ರೆ ಸರಿ ಇದೆ.

ಪ್ರತಿ ಫ್ರೇಮಿಗೂ ಸರಾಸರಿ ಹೊಸದಾಗಿ ಲೆಕ್ಕ ಹಾಕುತ್ತಿದ್ದೀರಿ. ಬಾಯಿ ತೆರೆದಾಗ ಹಲ್ಲು ಮಾಸ್ಕಿನೊಳಗೆ ಬರುತ್ತದೆ, ತಲೆ ತಿರುಗಿಸಿದಾಗ ಕೂದಲು ಬರುತ್ತದೆ. ಬೆಳಕು ಬದಲಾಗದಿದ್ದರೂ ಅಂಕಿ ಕುಣಿಯುತ್ತದೆ. ಒಂದು ನಿಶ್ಚಲ ಫೋಟೊದಲ್ಲಿ ಕಾಣದ ಅರ್ಧ, ಒಂದು ಅಂಕಿಯ ವ್ಯತ್ಯಾಸವೂ ಸೆಕೆಂಡಿಗೆ 25 ಸಲ ಬದಲಾದರೆ ಕಣ್ಣಿಗೆ ಬೀಳುತ್ತದೆ.

ಹಿಂದಿನ ಅಂಕಿಯನ್ನು ಬೇಗ ಬಿಡಬೇಡಿ. `m = 0.9 * m + 0.1 * new` ಅಂತ ನಿಧಾನಕ್ಕೆ ಬದಲಾಯಿಸಿ, ಹರವಿಗೂ ಇದೇ. ಶಾಟ್ ಕಟ್ ಆದ ಕಡೆ ಮಾತ್ರ ಹಳೆಯದನ್ನು ಬಿಟ್ಟು ಹೊಸದಾಗಿ ಶುರು ಮಾಡಿ. ಇಲ್ಲದಿದ್ದರೆ ಹೊಸ ಶಾಟಿನ ಮೊದಲ ಕೆಲವು ಫ್ರೇಮಿನಲ್ಲಿ ಮುಖ ಹಿಂದಿನ ಬೆಳಕಿನಲ್ಲೇ ಇರುತ್ತದೆ.